ಒಂದು ಕಿಲೊ ಯುರೇನಿಯಂ, ಒಂದು ಕಿಲೊ ಕಲ್ಲಿದ್ದಲು: ಲೆಕ್ಕ 25 ಲಕ್ಷವೋ, 35 ಸಾವಿರವೋ?

ಒಂದು ಕಿಲೊ ಯುರೇನಿಯಂನ ವಿದಳನದಿಂದ ಸಿಗುವ ಶಕ್ತಿ ಒಂದು ಕಿಲೊ ಕಲ್ಲಿದ್ದಲಿಗಿಂತ ಎಷ್ಟು ಪಟ್ಟು ಹೆಚ್ಚು? ಒಂದು ಕಡೆ 25 ಲಕ್ಷ ಅಂತ ಇರುತ್ತದೆ, ಇನ್ನೊಂದು ಕಡೆ 30 ಲಕ್ಷ, ಮತ್ತೊಂದು ಕಡೆ 50 ಲಕ್ಷ. ದ್ವಿತೀಯ ಪಿಯುಸಿ ಭೌತಶಾಸ್ತ್ರ ಪುಸ್ತಕದಲ್ಲಿ ಯುರೇನಿಯಂಗೆ 10¹⁴ ಜೂಲ್, ಕಲ್ಲಿದ್ದಲಿಗೆ 10⁷ ಜೂಲ್ ಎಂದಿದೆ, ಅಂದರೆ ಒಂದು ಕೋಟಿ ಪಟ್ಟು. ಆದರೆ ಕೈಗಾ ಅಣುಸ್ಥಾವರದ ಒಳಗೆ ಹೋಗುವ ಒಂದು ಕಿಲೊ ಯುರೇನಿಯಂ ಸರಿಗಟ್ಟುವುದು ಸುಮಾರು 35 ಟನ್ ಕಲ್ಲಿದ್ದಲನ್ನು ಮಾತ್ರ, ಎಂದರೆ 35 ಸಾವಿರ ಪಟ್ಟು. ಇವುಗಳಲ್ಲಿ ಯಾವುದೂ ಸುಳ್ಳಲ್ಲ. "ಒಂದು ಕಿಲೊ ಯುರೇನಿಯಂ" ಎಂದಾಗ ಯಾವ ಯುರೇನಿಯಂ, "ಕಲ್ಲಿದ್ದಲು" ಎಂದಾಗ ಯಾವ ಕಲ್ಲಿದ್ದಲು ಎಂಬುದರ ಮೇಲೆ ಉತ್ತರ ನಿಂತಿದೆ. ಒಂದೊಂದಾಗಿ ಬಿಡಿಸೋಣ.

ಯುರೇನಿಯಂ ಕಡೆಯ ಲೆಕ್ಕ

ಮೊದಲು ಇಡೀ ಕಿಲೊ ಯುರೇನಿಯಂ-235 ಎಂದೇ ಇಟ್ಟುಕೊಳ್ಳಿ, ಅದರ ಪ್ರತಿಯೊಂದು ನ್ಯೂಕ್ಲಿಯಸ್ ಒಡೆಯಿತು ಎನ್ನಿ. ಒಂದು ನ್ಯೂಕ್ಲಿಯಸ್ ಒಡೆದಾಗ ಸುಮಾರು 200 MeV ಶಕ್ತಿ ಹೊರಬರುತ್ತದೆ. ಈ 200 ಎಲ್ಲಿಂದ ಬಂತು ಎಂದು ಗೊತ್ತಿದ್ದರೆ ಬಾಯಿಪಾಠದ ಅಗತ್ಯವಿಲ್ಲ: ಯುರೇನಿಯಂನಲ್ಲಿ ಪ್ರತಿ ನ್ಯೂಕ್ಲಿಯಾನ್‌ನ ಬಂಧಕ ಶಕ್ತಿ 7.6 MeV, ಒಡೆದ ತುಣುಕುಗಳಲ್ಲಿ ಸುಮಾರು 8.5 MeV. ವ್ಯತ್ಯಾಸ 0.9, ಅದನ್ನು 235ರಿಂದ ಗುಣಿಸಿದರೆ 210ರ ಆಸುಪಾಸು ಬರುತ್ತದೆ. ಸ್ಥೂಲ ಅಂಕಿಗಳಿಂದ ಇಷ್ಟು ಹತ್ತಿರ ಬಂದರೆ ಸಾಕು.

ಪರಮಾಣುಗಳ ಸಂಖ್ಯೆ: (1000 ÷ 235) × 6.022 × 10²³ = 2.56 × 10²⁴

200 MeV = 200 × 1.602 × 10⁻¹³ J = 3.2 × 10⁻¹¹ J

ಒಟ್ಟು ಶಕ್ತಿ: 2.56 × 10²⁴ × 3.2 × 10⁻¹¹ = 8.2 × 10¹³ J

ಉತ್ತರ ಸರಿಯೇ ಎಂದು ನೋಡಲು ಒಂದು ಸುಲಭ ದಾರಿ ಇದೆ. ರಿಯಾಕ್ಟರ್‌ ನಡೆಸುವವರು ಶಕ್ತಿಯನ್ನು ಮೆಗಾವ್ಯಾಟ್-ದಿನದಲ್ಲಿ ಅಳೆಯುತ್ತಾರೆ. ಒಂದು ಮೆಗಾವ್ಯಾಟ್ ಶಾಖ ಒಂದು ದಿನ ಪೂರ್ತಿ ಬಂದರೆ ಅದು 8.64 × 10¹⁰ J. ಅಷ್ಟಕ್ಕೆ ಒಡೆಯಬೇಕಾದ ಯುರೇನಿಯಂ-235 ಕೇವಲ 1.05 ಗ್ರಾಂ. "ಒಂದು ಗ್ರಾಂ, ಒಂದು ಮೆಗಾವ್ಯಾಟ್, ಒಂದು ದಿನ" ಎಂದು ನೆನಪಿಟ್ಟುಕೊಂಡರೆ ಸೊನ್ನೆಗಳು ಎಲ್ಲಿ ತಪ್ಪಿದರೂ ತಕ್ಷಣ ಗೊತ್ತಾಗುತ್ತದೆ.

ಸಾಮಾನ್ಯವಾಗಿ ತಪ್ಪುವುದು ಎರಡು ಕಡೆ. ಒಂದು, 1000 ಗ್ರಾಂ ಬದಲು 1 ಅನ್ನು 235ರಿಂದ ಭಾಗಿಸುವುದು; ಆಗ ಉತ್ತರ 8.2 × 10¹⁰ ಬರುತ್ತದೆ, ಅದು ಒಂದು ಗ್ರಾಂನ ಉತ್ತರ. ಇನ್ನೊಂದು, ನೇರವಾಗಿ E = mc² ಹಾಕಿ 9 × 10¹⁶ J ಬರೆಯುವುದು. ವಿದಳನದಲ್ಲಿ ಇಡೀ ಕಿಲೊ ಮಾಯವಾಗುವುದಿಲ್ಲ. 8.2 × 10¹³ ಅನ್ನು c² ಇಂದ ಭಾಗಿಸಿ ನೋಡಿ, ಕಡಿಮೆಯಾಗುವ ದ್ರವ್ಯರಾಶಿ 0.9 ಗ್ರಾಂ. ಉಳಿದ 999 ಗ್ರಾಂ ವಿದಳನದ ತುಣುಕು ಮತ್ತು ನ್ಯೂಟ್ರಾನ್‌ಗಳಾಗಿ ಹಾಗೇ ಇರುತ್ತದೆ. ಈ ಎರಡನೆಯ ತಪ್ಪು ಉತ್ತರವನ್ನು ಸಾವಿರ ಪಟ್ಟು ಹಿಗ್ಗಿಸುತ್ತದೆ.

ಕಲ್ಲಿದ್ದಲ ಕಡೆಯ ಲೆಕ್ಕ

ಇಲ್ಲಿ ಪಠ್ಯದ ಅಂಕಿಗಳು ಬೇರೆಬೇರೆಯಾಗಲು ಕಾರಣ ಯುರೇನಿಯಂ ಅಲ್ಲ, ಕಲ್ಲಿದ್ದಲೇ. ಶುದ್ಧ ಇಂಗಾಲ ಉರಿದರೆ ಒಂದು ಮೋಲ್‌ಗೆ 394 ಕಿಲೊಜೂಲ್, ಅಂದರೆ ಕಿಲೊಗೆ 32.8 ಮೆಗಾಜೂಲ್. ಆದರೆ ನಮ್ಮ ಉಷ್ಣಸ್ಥಾವರಗಳಿಗೆ ಬರುವ ದೇಶೀ ಕಲ್ಲಿದ್ದಲಿನಲ್ಲಿ ಬೂದಿಯೇ ಮೂರನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಜೊತೆಗೆ ತೇವಾಂಶ. ಅದರ ಉಷ್ಣಮೌಲ್ಯ ಕಿಲೊಗೆ ಸುಮಾರು 4000 ಕಿಲೊಕ್ಯಾಲರಿ, ಎಂದರೆ 16.7 ಮೆಗಾಜೂಲ್ ಎಂದು ಹಿಡಿಯಬಹುದು. ಕಲ್ಲಿದ್ದಲ ವ್ಯವಹಾರದಲ್ಲಿ ಅಂಕಿ ಸಿಗುವುದು ಕಿಲೊಕ್ಯಾಲರಿಯಲ್ಲೇ, 4.184ರಿಂದ ಗುಣಿಸಿ ಕಿಲೊಜೂಲ್‌ಗೆ ತರುವುದನ್ನು ಮರೆಯಬೇಡಿ.

ಶುದ್ಧ ಇಂಗಾಲದ ಜೊತೆ ಹೋಲಿಸಿದರೆ ಅನುಪಾತ 25 ಲಕ್ಷ. ಒಳ್ಳೆಯ ದರ್ಜೆಯ 30 ಮೆಗಾಜೂಲ್ ಕಲ್ಲಿದ್ದಲಿಗೆ 27 ಲಕ್ಷ. ನಮ್ಮ ಬೂದಿ ಹೆಚ್ಚಿರುವ ಕಲ್ಲಿದ್ದಲಿಗೆ 49 ಲಕ್ಷ. ಪಿಯುಸಿ ಪುಸ್ತಕದ ಒಂದು ಕೋಟಿ ಎಂಬುದು ಹತ್ತರ ಘಾತಕ್ಕೆ ಸರಿಹೊಂದಿಸಿದ ಅಂದಾಜು, 8.2 × 10¹³ ಅನ್ನು ಮೇಲಕ್ಕೂ 3 × 10⁷ ಅನ್ನು ಕೆಳಕ್ಕೂ ಸರಿಸಿದ್ದರಿಂದ ಅನುಪಾತ ಹಿಗ್ಗಿದೆ. ಪರೀಕ್ಷೆಯಲ್ಲಿ ಲೆಕ್ಕ ಬಿಡಿಸುವಾಗ ಕಲ್ಲಿದ್ದಲ ಉಷ್ಣಮೌಲ್ಯ ಎಷ್ಟು ಹಿಡಿದಿರಿ ಎಂದು ಮೊದಲ ಸಾಲಲ್ಲೇ ಬರೆಯಿರಿ, ಆಮೇಲೆ ಯಾವ ಉತ್ತರ ಬಂದರೂ ಅದನ್ನು ಸಮರ್ಥಿಸಿಕೊಳ್ಳಬಹುದು.

ಇಷ್ಟು ದೊಡ್ಡ ಅಂತರಕ್ಕೆ ಕಾರಣ ಒಂದೊಂದು ಪರಮಾಣುವಿನ ಮಟ್ಟದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಂದು ಇಂಗಾಲದ ಪರಮಾಣು ಉರಿದಾಗ ಬರುವುದು 4.08 eV. ಅಲ್ಲಿ ಬದಲಾಗುವುದು ಹೊರಗಿನ ಎಲೆಕ್ಟ್ರಾನ್‌ಗಳ ಜೋಡಣೆ ಮಾತ್ರ, ನ್ಯೂಕ್ಲಿಯಸ್ಸಿಗೆ ಏನೂ ಆಗುವುದಿಲ್ಲ. ಯುರೇನಿಯಂನಲ್ಲಿ ಒಡೆಯುವುದೇ ನ್ಯೂಕ್ಲಿಯಸ್. 20 ಕೋಟಿ eV ಅನ್ನು 4.08ರಿಂದ ಭಾಗಿಸಿದರೆ ಪರಮಾಣುವಿಗೆ ಪರಮಾಣು 4.9 ಕೋಟಿ ಪಟ್ಟು. ಆದರೆ ಯುರೇನಿಯಂ ಪರಮಾಣು ಇಂಗಾಲಕ್ಕಿಂತ 19.6 ಪಟ್ಟು ಭಾರ, ಹಾಗಾಗಿ ಒಂದು ಕಿಲೊದಲ್ಲಿ ಅಷ್ಟೇ ಕಡಿಮೆ ಪರಮಾಣುಗಳಿರುತ್ತವೆ. 4.9 ಕೋಟಿಯನ್ನು 19.6ರಿಂದ ಭಾಗಿಸಿ, ಮತ್ತೆ 25 ಲಕ್ಷ ಬಂತು. ಎರಡು ದಾರಿಯಲ್ಲಿ ಒಂದೇ ಉತ್ತರ ಬಂದರೆ ಲೆಕ್ಕದ ಮೇಲೆ ನಂಬಿಕೆ ಇಡಬಹುದು.

ಕೈಗಾದಲ್ಲಿ ಏನಾಗುತ್ತದೆ

ಉತ್ತರ ಕನ್ನಡದ ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಭಾರಜಲ ರಿಯಾಕ್ಟರ್‌ಗಳಿವೆ. ಇಂಥ ರಿಯಾಕ್ಟರ್‌ಗಳ ಸಾಮಾನ್ಯ ಇಂಧನ ನೈಸರ್ಗಿಕ ಯುರೇನಿಯಂ. ಅದರ ಒಂದು ಕಿಲೊದಲ್ಲಿ ಯುರೇನಿಯಂ-235 ಇರುವುದು 7.1 ಗ್ರಾಂ, ಉಳಿದದ್ದೆಲ್ಲ ಯುರೇನಿಯಂ-238. ಈ ಮಾದರಿಯ ರಿಯಾಕ್ಟರ್‌ನಿಂದ ಇಂಧನವನ್ನು ಹೊರತೆಗೆಯುವ ಹೊತ್ತಿಗೆ ಒಂದು ಟನ್ ಯುರೇನಿಯಂ ಸರಾಸರಿ 6700 ಮೆಗಾವ್ಯಾಟ್-ದಿನದಷ್ಟು ಶಾಖ ಕೊಟ್ಟಿರುತ್ತದೆ ಎಂಬುದು ವಿನ್ಯಾಸದ ಅಂಕಿ. ಕಿಲೊಗೆ 6.7 ಮೆಗಾವ್ಯಾಟ್-ದಿನ:

6.7 × 8.64 × 10¹⁰ = 5.8 × 10¹¹ J

ಇದನ್ನು 16.7 ಮೆಗಾಜೂಲ್‌ನಿಂದ ಭಾಗಿಸಿದರೆ ಸುಮಾರು 34,700 ಕಿಲೊ ಕಲ್ಲಿದ್ದಲು. ಮೊದಲು ಹೇಳಿದ 35 ಟನ್ ಇದೇ.

ಇಲ್ಲಿ ಒಂದು ಬಲೆ ಇದೆ, ಸ್ವಲ್ಪ ನಿಂತು ನೋಡಬೇಕು. 8.2 × 10¹³ ರಲ್ಲಿ ಶೇ 0.71 ತೆಗೆದರೆ 5.8 × 10¹¹ J, ರಿಯಾಕ್ಟರ್ ಕೊಟ್ಟ ಅಂಕಿಯೇ! ಹಾಗಾದರೆ 7.1 ಗ್ರಾಂ ಯುರೇನಿಯಂ-235 ಪೂರ್ತಿ ಒಡೆದು ಈ ಶಾಖ ಬಂತು ಎಂದುಕೊಳ್ಳುವುದು ಸಹಜ. ಅದು ಕಾಕತಾಳೀಯ. ಹೊರಬಂದ ಇಂಧನದಲ್ಲಿ ಕಿಲೊಗೆ ಸುಮಾರು ಎರಡೂವರೆ ಗ್ರಾಂ ಯುರೇನಿಯಂ-235 ಇನ್ನೂ ಉಳಿದಿರುತ್ತದೆ. ಖರ್ಚಾದ 4.6 ಗ್ರಾಂನಲ್ಲೂ ಎಲ್ಲವೂ ಒಡೆದಿಲ್ಲ: ನಿಧಾನ ನ್ಯೂಟ್ರಾನ್ ನುಂಗಿದ ಯುರೇನಿಯಂ-235 ನ್ಯೂಕ್ಲಿಯಸ್‌ಗಳಲ್ಲಿ ನೂರಕ್ಕೆ ಸುಮಾರು 85 ಒಡೆಯುತ್ತವೆ, 15 ಒಡೆಯದೆ ಯುರೇನಿಯಂ-236 ಆಗಿಬಿಡುತ್ತವೆ. ಅಂದರೆ ಒಡೆದದ್ದು 3.9 ಗ್ರಾಂ ಮಾತ್ರ. ಆದರೆ 6.7 ಮೆಗಾವ್ಯಾಟ್-ದಿನಕ್ಕೆ 7 ಗ್ರಾಂ ಒಡೆಯಲೇಬೇಕು. ಉಳಿದ 3 ಗ್ರಾಂ ಎಲ್ಲಿಂದ?

ಯುರೇನಿಯಂ-238 ನ್ಯೂಟ್ರಾನ್ ನುಂಗಿ, ಎರಡು ಬೀಟಾ ಕ್ಷಯಗಳ ನಂತರ ಪ್ಲುಟೋನಿಯಂ-239 ಆಗುತ್ತದೆ. ಅದು ಅಲ್ಲೇ, ಅದೇ ಇಂಧನ ಕಡ್ಡಿಯೊಳಗೆ ಒಡೆದು ಶಾಖ ಕೊಡುತ್ತದೆ. ಆ 3 ಗ್ರಾಂ ಬಹುಪಾಲು ಅದರಿಂದಲೇ. ಒಟ್ಟು ಶಾಖದಲ್ಲಿ ಶೇ 40ರ ಹತ್ತಿರದ ಪಾಲು ಒಳಗೆ ಹಾಕದೇ ಇದ್ದ ವಸ್ತುವಿನಿಂದ ಬಂದದ್ದು. ಈ ವಿಷಯದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಸಂಗತಿ ಇದು. ಕಲ್ಲಿದ್ದಲಿನಲ್ಲಿ ಇದಕ್ಕೆ ಸಮನಾದದ್ದು ಯಾವುದೂ ಇಲ್ಲ.

ಕೈಯಲ್ಲಿ ಹಿಡಿಯುವ ಮಟ್ಟಕ್ಕೆ ತರೋಣ. 220 ಮೆಗಾವ್ಯಾಟ್ ರಿಯಾಕ್ಟರ್‌ನ ಇಂಧನ ಬಂಡಲ್ ಎಂದರೆ 19 ಕಡ್ಡಿಗಳ ಕಟ್ಟು, ಉದ್ದ ಅರ್ಧ ಮೀಟರ್, ಅಡ್ಡಳತೆ 8 ಸೆಂಟಿಮೀಟರ್. ಅದರಲ್ಲಿರುವ ಯುರೇನಿಯಂ ಡೈಆಕ್ಸೈಡ್ ಸುಮಾರು 15 ಕಿಲೊ. ಆಮ್ಲಜನಕದ ತೂಕ ಕಳೆದರೆ ಯುರೇನಿಯಂ 13 ಕಿಲೊಗೆ ಸ್ವಲ್ಪ ಮೇಲೆ. ಒಂದು ಬಂಡಲ್‌ನ ಶಾಖ 450 ಟನ್ನಿಗೂ ಹೆಚ್ಚು ಕಲ್ಲಿದ್ದಲಿಗೆ ಸಮ. ರಿಯಾಕ್ಟರ್‌ನ ಶಾಖಶಕ್ತಿ 756 ಮೆಗಾವ್ಯಾಟ್; 6.7ರಿಂದ ಭಾಗಿಸಿದರೆ ದಿನಕ್ಕೆ 113 ಕಿಲೊ ಯುರೇನಿಯಂ, ಅಂದರೆ ಎಂಟು ಒಂಬತ್ತು ಬಂಡಲ್.

ವಿದ್ಯುತ್ತಿನ ಲೆಕ್ಕಕ್ಕೆ ಬಂದರೆ ಅಂತರ ಇನ್ನೂ ಸ್ವಲ್ಪ ಕಿರಿದಾಗುತ್ತದೆ. ಈ ರಿಯಾಕ್ಟರ್‌ಗಳ ಉಗಿಯ ತಾಪ ಕಲ್ಲಿದ್ದಲ ಬಾಯ್ಲರ್‌ಗಿಂತ ಕಡಿಮೆ, ಹಾಗಾಗಿ ಶಾಖದ ಶೇ 29 ಮಾತ್ರ ವಿದ್ಯುತ್ ಆಗುತ್ತದೆ. ರಾಯಚೂರಿನ ಶಕ್ತಿನಗರದಲ್ಲಿರುವ 210 ಮೆಗಾವ್ಯಾಟ್ ಘಟಕಗಳಂಥವಕ್ಕೆ ಶೇ 35 ಎಂದು ಹಿಡಿಯೋಣ. ಒಂದು ಕಿಲೊ ನೈಸರ್ಗಿಕ ಯುರೇನಿಯಂನಿಂದ 46 ಸಾವಿರಕ್ಕೂ ಹೆಚ್ಚು ಯೂನಿಟ್. ಒಂದು ಕಿಲೊ ಕಲ್ಲಿದ್ದಲಿನಿಂದ 1.6 ಯೂನಿಟ್. ಅನುಪಾತ 29 ಸಾವಿರದ ಹತ್ತಿರ. ಅಂಥ ಒಂದು ಘಟಕ ಪೂರ್ಣ ಸಾಮರ್ಥ್ಯದಲ್ಲಿ ದಿನವಿಡೀ ನಡೆಯಲು 3000 ಟನ್ನಿಗೂ ಹೆಚ್ಚು, ಹೆಚ್ಚುಕಡಿಮೆ ಒಂದು ಗೂಡ್ಸ್ ರೈಲಿನಷ್ಟು ಕಲ್ಲಿದ್ದಲು ಬೇಕು.

ಬರುವ ಶಕ್ತಿ ಒಮ್ಮೆಗೇ ಬರುವುದಿಲ್ಲ

200 MeV ಎಂಬ ಒಂದೇ ಅಂಕಿ ಮುಚ್ಚಿಡುವ ವಿಷಯ ಇನ್ನೊಂದಿದೆ. ಅದರಲ್ಲಿ ಸುಮಾರು 168 MeV ತುಣುಕುಗಳ ಚಲನಶಕ್ತಿ. ಅವು ಇಂಧನದೊಳಗೇ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಚಲಿಸಿ ನಿಲ್ಲುತ್ತವೆ, ಆ ಶಾಖ ಆ ಕ್ಷಣವೇ ಸಿಗುತ್ತದೆ. ನ್ಯೂಟ್ರಾನ್ ಮತ್ತು ತಕ್ಷಣದ ಗಾಮಾ ಕಿರಣಗಳದ್ದು ಸ್ವಲ್ಪ ಪಾಲು. ಸುಮಾರು 9 MeV ನ್ಯೂಟ್ರಿನೊಗಳ ಜೊತೆ ಹೊರಟುಹೋಗುತ್ತದೆ, ಯಾವ ರಿಯಾಕ್ಟರ್‌ಗೂ ಅದು ದಕ್ಕುವುದಿಲ್ಲ. ಒಡೆಯದೆ ನುಂಗಿದ ನ್ಯೂಟ್ರಾನ್‌ಗಳಿಂದ ಬರುವ ಗಾಮಾ ಶಕ್ತಿ ಆ ನಷ್ಟವನ್ನು ಹೆಚ್ಚುಕಡಿಮೆ ತುಂಬಿಕೊಡುವುದರಿಂದಲೇ 200 ಎಂಬ ಅಂಕಿ ಬಳಕೆಗೆ ಸರಿಹೋಗುತ್ತದೆ. ಉಳಿದದ್ದು ತುಣುಕುಗಳ ವಿಕಿರಣ ಕ್ಷಯದಿಂದ ಬರುವುದು, ಸೆಕೆಂಡಿನಿಂದ ಹಿಡಿದು ವರ್ಷಗಳವರೆಗೆ ಹರಡಿಕೊಂಡು.

ಆದ್ದರಿಂದ ಸರಪಳಿ ಕ್ರಿಯೆ ನಿಲ್ಲಿಸಿದರೂ ಶಾಖ ನಿಲ್ಲುವುದಿಲ್ಲ. ಬಹುಕಾಲ ಓಡಿದ 756 ಮೆಗಾವ್ಯಾಟ್ ರಿಯಾಕ್ಟರನ್ನು ನಿಲ್ಲಿಸಿದ ಕೂಡಲೇ ಶೇ 6-7ರಷ್ಟು, ಎಂದರೆ ಸುಮಾರು 50 ಮೆಗಾವ್ಯಾಟ್ ಶಾಖ ಬರುತ್ತಲೇ ಇರುತ್ತದೆ. ಒಂದು ಗಂಟೆಯ ನಂತರ 10 ಮೆಗಾವ್ಯಾಟ್‌ನ ಆಸುಪಾಸು, ಒಂದು ದಿನದ ನಂತರವೂ ಕೆಲವು ಮೆಗಾವ್ಯಾಟ್. ಕಲ್ಲಿದ್ದಲ ಬಾಯ್ಲರ್‌ಗೆ ಪುಡಿ ಹೋಗುವುದನ್ನು ನಿಲ್ಲಿಸಿದರೆ ಉರಿ ಆರುತ್ತದೆ, ಹೊಸ ಶಾಖ ಹುಟ್ಟುವುದಿಲ್ಲ. ಇಲ್ಲಿ ಹಾಗಲ್ಲ, ನಿಂತ ರಿಯಾಕ್ಟರ್‌ಗೂ ನೀರು ಹರಿಯುತ್ತಲೇ ಇರಬೇಕು. ಹೊರತೆಗೆದ ಬಂಡಲ್‌ಗಳನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಇಡುವುದಕ್ಕೆ ಒಂದು ಕಾರಣ ಈ ಶಾಖ, ಇನ್ನೊಂದು ಅವುಗಳ ವಿಕಿರಣ.