ಫ್ಯಾಟಿ ಲಿವರ್: ಗ್ರೇಡ್ ಬೇರೆ, ಸ್ಟೇಜ್ ಬೇರೆ

ಮೊನ್ನೆ ಮದುವೆ ಊಟದಲ್ಲಿ ಪಕ್ಕದ ಎಲೆಯವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಹೇಳಿದರು: "ನಂದು ಗ್ರೇಡ್ ಒನ್ ಅಷ್ಟೇ ಕಣ್ರೀ, ಇನ್ನೂ ಮೊದಲ ಹಂತ." ಈ ಮಾತು ಕೇಳಿ ಕೇಳಿ ಸಾಕಾಗಿದೆ. ಗ್ರೇಡ್ ಅಂದರೆ ಹಂತವಲ್ಲ.

ಪೂರ್ತಿ ತಪ್ಪು ಅವರದೇ ಅನ್ನುವಂತಿಲ್ಲ. ಇಂಗ್ಲಿಷಿನಲ್ಲಿ ಗ್ರೇಡ್, ಸ್ಟೇಜ್ ಅಂತ ಎರಡು ಪದಗಳಿವೆ. ನಾವು ಎರಡಕ್ಕೂ ‘ಹಂತ’ ಅಂದುಬಿಡುತ್ತೇವೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿರುವ ಗ್ರೇಡ್ 1, 2, 3 ಹೇಳುವುದು ಲಿವರಿನಲ್ಲಿ ಕೊಬ್ಬು ಎಷ್ಟು ತುಂಬಿದೆ ಅನ್ನುವುದನ್ನು ಮಾತ್ರ. ಅದೂ ಅಂದಾಜು. ಕೊಬ್ಬು ತುಂಬಿದ ಲಿವರ್ ಅಲ್ಟ್ರಾಸೌಂಡಿನಲ್ಲಿ ಪಕ್ಕದ ಕಿಡ್ನಿಗಿಂತ ಬೆಳ್ಳಗೆ ಕಾಣುತ್ತದೆ. ಎಷ್ಟು ಬೆಳ್ಳಗಿದೆ ಅಂತ ಕಣ್ಣಲ್ಲೇ ನೋಡಿ ನಂಬರ್ ಕೊಡುತ್ತಾರೆ. ಕೊಬ್ಬು ಕಡಿಮೆ ಇದ್ದರೆ ಕಾಣದೆಯೂ ಹೋಗಬಹುದು.

ಸ್ಟೇಜ್ ಅಳೆಯುವುದು ಬೇರೆಯದನ್ನು: ಗಾಯದ ಕಲೆಯನ್ನು. ಕೊಬ್ಬು ಸುಮ್ನೆ ಕೂತಿದ್ದರೆ ದೊಡ್ಡ ತೊಂದರೆಯಿಲ್ಲ. ಕೆಲವರಲ್ಲಿ ಅದು ಜೀವಕೋಶಗಳನ್ನು ಊದಿಸಿ ಉರಿಯೂತ ಎಬ್ಬಿಸುತ್ತದೆ. ಉರಿಯೂತ ಮಾಗುವಾಗ ಅಲ್ಲಿ ನಾರಿನಂಥ ಗಟ್ಟಿ ಕಲೆ ಉಳಿಯುತ್ತದೆ. ಇದೇ ಫೈಬ್ರೋಸಿಸ್. ಕಲೆ ಇಲ್ಲದಿದ್ದರೆ ಎಫ್0, ಲಿವರ್ ಪೂರ್ತಿ ಗಂಟುಗಂಟಾದರೆ ಎಫ್4, ಅಂದರೆ ಸಿರೋಸಿಸ್. ಬರೀ ಕೊಬ್ಬಿದ್ದವರಲ್ಲಿ ಒಂದು ಸ್ಟೇಜ್ ಮೇಲೇರಲು ಸರಾಸರಿ 14 ವರ್ಷ ಬೇಕು, ಉರಿಯೂತವಿದ್ದವರಲ್ಲಿ ಸುಮಾರು 7. ಎಲ್ಲರೂ ಕೊನೆತನಕ ಹೋಗುವುದಿಲ್ಲ.

ತಮಾಷೆ ಅಂದರೆ, ಸಿರೋಸಿಸ್ ಬಲಿತ ಮೇಲೆ ಎಷ್ಟೋ ಸಲ ಕೊಬ್ಬು ಕರಗಿಹೋಗಿರುತ್ತದೆ. ಗ್ರೇಡ್ ಇಳಿದಿರುತ್ತದೆ, ರೋಗ ಏರಿರುತ್ತದೆ. ಈಗ ಹೇಳಿ, ಗ್ರೇಡ್ ಒನ್ ಮೊದಲ ಹಂತ ಹೇಗಾಯಿತು?

ಸ್ಟೇಜ್ ಅಂದಾಜಿಸಲು ಫಿಬ್-4 ಅನ್ನುವ ಸುಲಭದ ಲೆಕ್ಕವಿದೆ. ಅದಕ್ಕೆ ಬೇಕಾದ ಎಎಸ್‌ಟಿ, ಎಎಲ್‌ಟಿ ಅಂದರೆ ರಕ್ತಪರೀಕ್ಷೆಯಲ್ಲಿ ಸಿಗುವ ಲಿವರ್ ಕಿಣ್ವಗಳ ಅಂಕಿಗಳು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಎಷ್ಟು ಸಾವಿರವೋ ಅದನ್ನು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನಮ್ಮ ಹೋಳಿಗೆಯವರ ರಿಪೋರ್ಟ್ ಹೀಗಿದೆ ಅಂದುಕೊಳ್ಳಿ: ಗ್ರೇಡ್ 1, ವಯಸ್ಸು 46, ಎಎಸ್‌ಟಿ 52, ಎಎಲ್‌ಟಿ 64, ಪ್ಲೇಟ್‌ಲೆಟ್ 2.1 ಲಕ್ಷ. 46 × 52 ಅಂದರೆ 2392. 210 × 8 ಅಂದರೆ 1680. ಭಾಗಿಸಿದರೆ 1.42. ಗ್ರೇಡ್ 3 ಅಂತ ಬೆದರಿ ಕೂತ ಇನ್ನೊಬ್ಬರಿಗೆ 36 ವರ್ಷ, ಎಎಸ್‌ಟಿ 36, ಎಎಲ್‌ಟಿ 49, ಪ್ಲೇಟ್‌ಲೆಟ್ 2.7 ಲಕ್ಷ. ಅವರದು 0.69. 1.3ರ ಕೆಳಗಿದ್ದರೆ ಬಲಿತ ಕಲೆ ಇರುವ ಸಾಧ್ಯತೆ ಕಡಿಮೆ. 2.67 ದಾಟಿದರೆ ಜಾಸ್ತಿ. ನಡುವೆ ಸಿಕ್ಕಿಕೊಂಡವರಿಗೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಬೇಕು. ಅಂದರೆ ಇಲ್ಲಿ ಮುಂದಿನ ಪರೀಕ್ಷೆ ಬೇಕಾದದ್ದು ಗ್ರೇಡ್ ಒನ್‌ನವರಿಗೆ! 65 ದಾಟಿದವರಿಗೆ ಕೆಳಗಿನ ಗಡಿ 2. ತೀರಾ ಚಿಕ್ಕ ವಯಸ್ಸಿನವರಲ್ಲಿ ಈ ಲೆಕ್ಕ ನಂಬುವಂತಿಲ್ಲ.

"ನಾನು ಕುಡಿಯೋದೇ ಇಲ್ಲವಲ್ಲ" ಅನ್ನುವವರಿಗೂ ಒಂದು ಮಾತು. 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಲುಡ್ವಿಗ್ ಮತ್ತು ಜೊತೆಗಾರರು, ಕುಡಿಯದವರ ಲಿವರ್ ಕೂಡ ಕುಡುಕರ ಲಿವರಿನಂತೆಯೇ ಕಾಣುವುದನ್ನು ಗಮನಿಸಿ ಅದಕ್ಕೆ ‘ನಾನ್-ಆಲ್ಕೊಹಾಲಿಕ್’ ಅಂತ ಹೆಸರಿಟ್ಟರು. ರೋಗ ಏನಲ್ಲ ಅನ್ನುವುದನ್ನೇ ಹೆಸರು ಮಾಡಿದಂತಾಯಿತು. 2023ರಲ್ಲಿ ಆ ಹೆಸರು ಬಿಟ್ಟು, ಸಕ್ಕರೆ, ಬೊಜ್ಜು, ಬಿಪಿ, ಕೊಲೆಸ್ಟರಾಲ್ ಏರುಪೇರಿಗೆ ಸೇರಿದ ರೋಗ ಅನ್ನುವ ಅರ್ಥದ ಹೆಸರು ತಂದರು. ಲಿವರ್ ತಜ್ಞರು ಈಗ ಮ್ಯಾಸಲ್ಡ್ ಅನ್ನುತ್ತಾರೆ.

ಇನ್ನು ತೂಕ. ಇಲ್ಲೂ ಕೊಬ್ಬು ಬೇರೆ, ಕಲೆ ಬೇರೆ. ಹೋಳಿಗೆಯವರ ತೂಕ 78 ಕೆಜಿ ಅನ್ನಿ. 5% ಅಂದರೆ ಸುಮಾರು 4 ಕೆಜಿ ಇಳಿಸಿದರೆ ಕೊಬ್ಬು ಕರಗತೊಡಗುತ್ತದೆ, ಗ್ರೇಡ್ ಇಳಿಯಬಹುದು. ಉರಿಯೂತ ತಗ್ಗಲು 7%, ಅಂದರೆ ಐದೂವರೆ ಕೆಜಿ ಬೇಕು. ಕಲೆ ಹಿಂದೆ ಸರಿಯಬೇಕಾದರೆ 10%, ಹತ್ತಿರಹತ್ತಿರ 8 ಕೆಜಿ. ಕ್ಯೂಬಾದಲ್ಲಿ ಉರಿಯೂತವಿದ್ದ 293 ಜನರನ್ನು ಒಂದು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 10% ಇಳಿಸಿದವರಲ್ಲಿ 45% ಮಂದಿಯ ಕಲೆ ಕಡಿಮೆಯಾಗಿತ್ತು. ಆದರೆ ಅಷ್ಟು ಇಳಿಸಲು ಸಾಧ್ಯವಾದದ್ದು ಹತ್ತರಲ್ಲಿ ಒಬ್ಬರಿಗೆ ಮಾತ್ರ.

ಹಾಗಂತ ತಿಂಗಳಲ್ಲೇ ಎಂಟು ಕೆಜಿ ಇಳಿಸಲು ಉಪವಾಸ ಕೂರಬೇಡಿ. ವಿಪರೀತ ಬೇಗ ಇಳಿದರೆ ಉರಿಯೂತ ಕೆರಳಬಹುದು, ಪಿತ್ತಕೋಶದಲ್ಲಿ ಕಲ್ಲೂ ಆಗಬಹುದು. ವಾರಕ್ಕೆ ಅರ್ಧ ಕೆಜಿ ಸಾಕು. ಸಿರೋಸಿಸ್ ಆಗಿಬಿಟ್ಟಿದ್ದರೆ ಲೆಕ್ಕವೇ ಬೇರೆ. ಅಲ್ಲಿ ತೂಕದ ಜೊತೆ ಸ್ನಾಯುವೂ ಕರಗುವ ಭಯವಿದೆ, ಹಾಗಾಗಿ ಡಾಕ್ಟರ್ ಕಣ್ಣೆದುರೇ ಇಳಿಸಬೇಕು. ಸಣಕಲು ಮೈ, ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಂಥವರಿಗೆ ಲಿವರಿನ ಕೊಬ್ಬು ಇಳಿಯಲು 3ರಿಂದ 5% ಸಾಕಾಗುತ್ತದೆ. 60 ಕೆಜಿಯವರಿಗೆ ಅದು ಎರಡು–ಮೂರು ಕೆಜಿ.