ಸೀರೆ ಕಾರ್ಯದ ಮರುದಿನ: ಪ್ರಾಯದ ಆಚರಣೆಗಳನ್ನು ಓದುವ ಬಗೆ

ಪ್ರಾಯಕ್ಕೆ ಬಂದವರ ಆಚರಣೆಗಳ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ಎಲ್ಲರೂ ಜಾನಪದ ವಿದ್ವಾಂಸ ವಾನ್ ಗೆನೆಪ್‌ನ ಮೂರು ಹಂತಗಳನ್ನು ಬರೆಯುತ್ತೇವೆ. 1909ರಲ್ಲಿ ಅವನು ಹೇಳಿದ್ದು ಸರಳವಾಗಿಯೇ ಇದೆ. ವ್ಯಕ್ತಿಯನ್ನು ಮೊದಲು ಹಳೆಯ ಸ್ಥಾನದಿಂದ ಬೇರ್ಪಡಿಸುತ್ತಾರೆ. ಆಮೇಲೆ ಹಿಂದಿನದೂ ಅಲ್ಲದ, ಮುಂದಿನದೂ ಅಲ್ಲದ ಒಂದು ನಡುಗಾಲ ಬರುತ್ತದೆ. ಕೊನೆಗೆ ಹೊಸ ಸ್ಥಾನ ಕೊಟ್ಟು ಸಮಾಜ ಮತ್ತೆ ಒಳಗೆ ಕರೆದುಕೊಳ್ಳುತ್ತದೆ. ನನ್ನ ಪ್ರಕಾರ ನಾವು ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಮೂರನೆಯ ಹಂತವನ್ನು. ಬೇರ್ಪಡಿಸುವುದು ಎಲ್ಲ ಕಡೆ ಕಣ್ಣಿಗೆ ಕಾಣುವಂತೆ ನಡೆಯುತ್ತದೆ. ಮರಳಿ ಬಂದವಳಿಗೆ ಏನು ಜವಾಬ್ದಾರಿ ಕೊಟ್ಟರು ಎನ್ನುವುದು ಮಾತ್ರ ಕೆಲವು ಕಡೆ ಸ್ಪಷ್ಟ, ಕೆಲವು ಕಡೆ ಖಾಲಿ.

ಸ್ಪಷ್ಟವಾಗಿರುವ ಉದಾಹರಣೆ ಮೊದಲು. ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೊ ಭಾಗದ ನವಾಹೋ ಜನರಲ್ಲಿ ಹುಡುಗಿ ಮೊದಲ ಸಲ ಮುಟ್ಟಾದಾಗ ಕಿನಾಲ್ಡಾ ಎಂಬ ಆಚರಣೆ ಮಾಡುತ್ತಾರೆ. ಸಾಮಾನ್ಯವಾಗಿ ಇದು ನಾಲ್ಕು ದಿನದ್ದು. ಮೊದಲ ಕಿನಾಲ್ಡಾ ನಡೆದದ್ದು ಅವರ ಪುರಾಣದ ‘ಬದಲಾಗುವ ಸ್ತ್ರೀ’ಗೆ ಎಂದು ನಂಬಿಕೆ. ಹುಡುಗಿ ಆ ದಿನಗಳಲ್ಲಿ ಅವಳದೇ ರೂಪ. ತಲೆ ಬಾಚಿ, ಕೂದಲು ಕಟ್ಟಿ, ಒಡವೆ ತೊಡಿಸಿದ ಮೇಲೆ ಅವಳನ್ನು ಕಂಬಳಿಯ ಮೇಲೆ ಮಲಗಿಸುತ್ತಾರೆ. ಒಳ್ಳೆಯ ನಡತೆಯವಳೆಂದು ಹೆಸರಾದ ಹಿರಿಯ ಹೆಂಗಸೊಬ್ಬಳು ಅವಳ ಮೈಯನ್ನು ಕೈಯಿಂದ ಒತ್ತುತ್ತಾಳೆ. ಈಗ ಮೈ ಮೆತ್ತಗಿದೆ, ಹೇಗೆ ರೂಪಿಸಿದರೆ ಹಾಗೆ ಆಗುತ್ತಾಳೆ ಎಂಬ ಭಾವ ಅದರಲ್ಲಿದೆ.

ಆಮೇಲೆ ಅವಳು ಓಡಬೇಕು. ಪೂರ್ವ ದಿಕ್ಕಿಗೆ ಓಡಿ ವಾಪಸ್ ಬರಬೇಕು, ಪ್ರತಿ ಸಲ ಹಿಂದಿನದಕ್ಕಿಂತ ದೂರ ಹೋಗಬೇಕು. ಬೇರೆಯವರು ಹಿಂದೆ ಓಡಬಹುದು, ಆದರೆ ಅವಳನ್ನು ದಾಟುವಂತಿಲ್ಲ. ಓಟದ ನಡುವೆ ಮೆಕ್ಕೆಜೋಳ ಬೀಸುವ ಕೆಲಸ. ಆ ಹಿಟ್ಟನ್ನು ಕಲಸಿ, ನೆಲದಲ್ಲಿ ತೋಡಿ ಕಾಯಿಸಿದ ಗುಂಡಿಗೆ ಮೆಕ್ಕೆಜೋಳದ ತೆನೆಯ ಸಿಪ್ಪೆ ಹಾಸಿ ಸುರಿಯುತ್ತಾರೆ. ಮೇಲೆ ಮಣ್ಣು ಮುಚ್ಚಿ ಬೆಂಕಿ ಹಾಕುತ್ತಾರೆ. ಕೊನೆಯ ರಾತ್ರಿ ಯಾರೂ ಮಲಗುವುದಿಲ್ಲ, ಬೆಳಗಿನ ತನಕ ಹಾಡು. ಮುಂಜಾನೆ ತಲೆ ತೊಳೆಸಿಕೊಂಡು ಕೊನೆಯ ಓಟ ಓಡುತ್ತಾಳೆ. ಆಮೇಲೆ ಗುಂಡಿ ತೆಗೆದು ಆ ದೊಡ್ಡ ಕೇಕನ್ನು ಕೊಯ್ದು ಬಂದವರಿಗೆಲ್ಲ ಹಂಚುತ್ತಾರೆ. ಸಂಪ್ರದಾಯದಂತೆ ಅವಳು ಮಾತ್ರ ಅದನ್ನು ತಿನ್ನುವುದಿಲ್ಲ.

ನಾನು ಅಡಿಗೆರೆ ಎಳೆದುಕೊಂಡದ್ದು ಇದಕ್ಕೇ. ತಾನು ಬೀಸಿದ್ದನ್ನು ತಾನು ತಿನ್ನದೆ ಊರಿಗೆ ಬಡಿಸುವುದೇ ಅವಳ ಹೊಸ ಸ್ಥಾನ. ದುಡಿಯುವ ಶಕ್ತಿ, ಕಷ್ಟ ತಾಳುವ ಗುಣ, ಇನ್ನೊಬ್ಬರಿಗೆ ಉಣಿಸುವ ಹೊಣೆ ಎಲ್ಲವನ್ನೂ ಆ ನಾಲ್ಕು ದಿನದಲ್ಲೇ ಅವಳ ಕೈಯಿಂದ ಮಾಡಿಸಿಬಿಡುತ್ತಾರೆ.

ಇನ್ನು ನಮ್ಮ ಕಡೆಗೆ ಬರೋಣ. ಕೊಪ್ಪಳ, ರಾಯಚೂರು, ಬಳ್ಳಾರಿಯ ಹಳ್ಳಿಗಳಲ್ಲಿ ಜಾತಿಯಿಂದ ಜಾತಿಗೆ, ಮನೆಯಿಂದ ಮನೆಗೆ ಕ್ರಮ ಬೇರೆ ಇರುತ್ತದೆ. ಆದರೂ ಸುಮಾರಾಗಿ ಹೀಗೆ ನಡೆಯುತ್ತದೆ: “ದೊಡ್ಡಾಕಿ ಆಗ್ಯಾಳ” ಎಂದು ಗೊತ್ತಾದ ಕೂಡಲೇ ಹುಡುಗಿಯನ್ನು ಬೇರೆ ಕೂರಿಸುತ್ತಾರೆ, ಅವಳ ತಟ್ಟೆ, ಲೋಟ, ಹಾಸಿಗೆ ಬೇರೆಯಾಗುತ್ತವೆ. ಸೋದರಮಾವನ ಮನೆಗೆ ಸುದ್ದಿ ಹೋಗುತ್ತದೆ. ಒಣಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ, ಅಂಟಿನುಂಡಿ ತಿನ್ನಿಸಿ ಸೊಂಟ ಗಟ್ಟಿಯಾಗಲಿ ಎನ್ನುತ್ತಾರೆ. ಕೊನೆಗೆ ಎಣ್ಣೆ, ಅರಿಷಿಣ ಹಚ್ಚಿ ನೀರು ಹಾಕಿ, ಮಾವ ತಂದ ಸೀರೆ ಉಡಿಸಿ, ಕುರ್ಚಿಯ ಮೇಲೆ ಕೂರಿಸಿ ಆರತಿ ಮಾಡುತ್ತಾರೆ. ಮುತ್ತೈದೆಯರು ಉಡಿ ತುಂಬುತ್ತಾರೆ: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಅಡಿಕೆ, ಎಲೆ, ಕುಬಸದ ಕಣ. ಬಂದವರು ಮುಯ್ಯಿ ಮಾಡಿ ಊಟ ಮಾಡಿ ಹೋಗುತ್ತಾರೆ.

ಮೊದಲ ಎರಡು ಹಂತ ಇಲ್ಲಿಯೂ ಅಚ್ಚುಕಟ್ಟಾಗಿವೆ. ಆದರೆ ಮೂರನೆಯದರಲ್ಲಿ ಹುಡುಗಿ ಏನು ಮಾಡಿದಳು? ಎಲ್ಲವನ್ನೂ ತೆಗೆದುಕೊಂಡಳು. ಉಡಿಯಲ್ಲಿ ಬಿದ್ದ ಅಕ್ಕಿ, ಕೊಬ್ಬರಿ ಹೇಳುವುದು ಸಂತಾನದ ಮಾತು. ಇದೇ ಉಡಿಯನ್ನು ಮದುವೆಯಲ್ಲೂ, ಬಸಿರಿನ ಕುಬಸದಲ್ಲೂ ತುಂಬುತ್ತಾರೆ. ಜವಾಬ್ದಾರಿಯ ಮಾತು ಬಾಯಿಯಿಂದ ಬರುತ್ತದೆ, ಅದೂ ತಡೆಯ ರೂಪದಲ್ಲಿ: “ಇನ್ನ ಮ್ಯಾಲ ಹಂಗೆಲ್ಲ ಹೊರಗ ಓಡ್ಯಾಡಬ್ಯಾಡವ್ವ.” ಕಿನಾಲ್ಡಾದಲ್ಲಿ ಓಡು ಎಂದರು, ಇಲ್ಲಿ ಓಡಬೇಡ ಎಂದರು. ದೇಹದಲ್ಲಿ ಆದ ಬದಲಾವಣೆ ಒಂದೇ, ಅದಕ್ಕೆ ಕೊಟ್ಟ ಅರ್ಥ ಮಾತ್ರ ಬೇರೆ.

ಆದರೆ ಅವಸರದಿಂದ “ಕೂರಿಸುವುದು ಎಂದರೆ ದುರ್ಬಲಗೊಳಿಸುವುದು” ಎಂದು ಬರೆಯಬೇಡಿ. ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ ಅಧ್ಯಯನ ಮಾಡಿದ ಜಾಂಬಿಯಾದ ಎಂಡೆಂಬು ಜನರಲ್ಲಿ ಹುಡುಗಿಯನ್ನು ಕಂಬಳಿಯಲ್ಲಿ ಸುತ್ತಿ, ಹಾಲು ಸುರಿಸುವ ಮರವೊಂದರ ಬುಡದಲ್ಲಿ ದಿನವಿಡೀ ಅಲುಗಾಡದಂತೆ ಮಲಗಿಸುತ್ತಾರೆ. ಸುತ್ತ ಹೆಂಗಸರು ಕುಣಿಯುತ್ತಾರೆ. ಅಲ್ಲಿ ಅಲುಗಾಡದೆ ಇರುವುದೇ ಪರೀಕ್ಷೆ. ಇನ್ನೂ ಗಮನಿಸಬೇಕಾದದ್ದು, ಇದು ಮೊದಲ ಮುಟ್ಟಿಗೆ ನಡೆಯುವುದಲ್ಲ, ಎದೆ ಮೂಡತೊಡಗಿದಾಗ ನಡೆಯುವುದು.

ವಾನ್ ಗೆನೆಪ್ ಕೂಡ ಇದನ್ನೇ ಒತ್ತಿ ಹೇಳಿದ್ದ. ದೇಹ ಪ್ರಾಯಕ್ಕೆ ಬರುವುದು ಒಂದು, ಸಮಾಜ ಪ್ರಾಯಕ್ಕೆ ಬಂದರೆಂದು ಒಪ್ಪುವುದು ಇನ್ನೊಂದು, ಎರಡೂ ಒಟ್ಟಿಗೆ ಬರುವುದು ಅಪರೂಪ. ಯಹೂದಿ ಹುಡುಗನಿಗೆ 13 ತುಂಬಿದರೆ ಧರ್ಮದ ಕಟ್ಟಳೆಗಳ ಹೊಣೆ ಅವನದೇ ಆಗುತ್ತದೆ. ಇನ್ನು ಮುಂದೆ ಮಗನ ತಪ್ಪಿಗೆ ತಾನು ಹೊಣೆಯಲ್ಲ ಎಂದು ತಂದೆ ಒಂದು ಪ್ರಾರ್ಥನೆಯನ್ನೇ ಹೇಳುತ್ತಾನೆ. ಜಪಾನಿನಲ್ಲಿ 2022ರ ಏಪ್ರಿಲ್‌ನಿಂದ ವಯಸ್ಕರಾಗುವ ವಯಸ್ಸು 20ರಿಂದ 18ಕ್ಕೆ ಇಳಿಯಿತು. ಆದರೂ ಬಹುಪಾಲು ಊರುಗಳಲ್ಲಿ ಪ್ರಾಯಕ್ಕೆ ಬಂದವರಿಗಾಗಿ ಜನವರಿಯಲ್ಲಿ ನಡೆಸುವ ಸಮಾರಂಭ ಈಗಲೂ 20 ಆದವರಿಗೇ. ಇಲ್ಲೆಲ್ಲ ಲೆಕ್ಕಕ್ಕೆ ಬಂದದ್ದು ವರ್ಷ, ದೇಹವಲ್ಲ.

ನಮ್ಮಲ್ಲಿ ತೊಡಕಾಗುವುದು ಈ ಎರಡನ್ನು ಒಂದೇ ಎಂದುಕೊಂಡಾಗ. ಹನ್ನೆರಡು ಹದಿಮೂರಕ್ಕೆ ಸೀರೆ ಕಾರ್ಯವಾದ ಹುಡುಗಿಗೆ ಕಾನೂನಿನ ಪ್ರಕಾರ ಮದುವೆಯ ವಯಸ್ಸು ಬರಲು ಇನ್ನೂ ಐದಾರು ವರ್ಷ ಬೇಕು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಹುಡುಗಿಗೆ 18, ಹುಡುಗನಿಗೆ 21. ಕರ್ನಾಟಕ ತಂದ 2016ರ ತಿದ್ದುಪಡಿಯಂತೆ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಆದರೆ ಆರತಿಯ ಸುತ್ತ ಕೂತ ನೆಂಟರಿಗೆ “ಮನೆಯಲ್ಲಿ ಹೆಣ್ಣಿದೆ” ಎಂಬ ಸುದ್ದಿ ಅಂದೇ ತಲುಪಿರುತ್ತದೆ. ಆಚರಣೆ ಅವಳಿಗೆ ಬೇರೆ ಕೆಲಸ ಯಾವುದನ್ನೂ ಕೊಡದೆ ಇದ್ದಾಗ, ಆ ಖಾಲಿ ಜಾಗಕ್ಕೆ ಮದುವೆಯ ಮಾತು ಬಂದು ಕೂರುತ್ತದೆ.

ಇದರ ತದ್ವಿರುದ್ಧ ತೊಂದರೆಯೂ ನಮ್ಮ ಜಿಲ್ಲೆಗಳಲ್ಲೇ ಇತ್ತು, ಅದನ್ನು ಬಿಟ್ಟು ಉತ್ತರ ಬರೆದರೆ ಅರ್ಧ ಬರೆದಂತೆ. ದಲಿತ ಕುಟುಂಬಗಳ ಹುಡುಗಿಯರಿಗೆ, ಎಷ್ಟೋ ಸಲ ಮೈನೆರೆಯುವ ಮೊದಲೇ, ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದರು. ಕೊರಳಿಗೆ ಬಿದ್ದ ಆ ಮಣಿಸರದೊಂದಿಗೆ ಹೊಣೆ ಪೂರ್ತಿಯಾಗಿಯೇ ಬರುತ್ತಿತ್ತು: ಮಗನಂತೆ ತವರಿನಲ್ಲೇ ಉಳಿದು ತಂದೆ ತಾಯಿಯನ್ನು ಸಾಕಬೇಕು. ಮೈನೆರೆದ ಮೇಲೆ ಅವಳ ದೇಹದ ಮೇಲಿನ ಹಕ್ಕು ಬೇರೆಯವರ ಪಾಲಾಗುತ್ತಿತ್ತು. ಮೂರನೆಯ ಹಂತ ಇಲ್ಲಿ ಅತ್ಯಂತ ಸ್ಪಷ್ಟ, ಆದರೆ ಒಪ್ಪಿಗೆ ಕೊಡುವ ವಯಸ್ಸೇ ಅವಳದಾಗಿರಲಿಲ್ಲ. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಈ ವಿಧಿಯನ್ನೇ ಅಪರಾಧ ಎಂದಿತು. ಹಾಗಾಗಿ ಹೊಣೆ ಸಿಕ್ಕಿತೇ ಎಂದಷ್ಟೇ ಕೇಳಿದರೆ ಸಾಲದು. ಆ ಹೊಣೆ ಹೊತ್ತವಳಿಗೆ ಬೇಡ ಎನ್ನುವ ಅಧಿಕಾರ ಇತ್ತೇ ಎಂದೂ ಕೇಳಬೇಕು.

ಕ್ಷೇತ್ರಕಾರ್ಯಕ್ಕೆ ಇದೇ ವಿಷಯ ಆರಿಸಿಕೊಂಡವರು ಕಾರ್ಯದ ದಿನ ಫೋಟೊ ತೆಗೆದುಕೊಂಡು ನಿಲ್ಲಿಸಬೇಡಿ. ಎರಡು ಮೂರು ತಿಂಗಳು ಬಿಟ್ಟು ಅದೇ ಮನೆಗೆ ಹೋಗಿ, ಮನೆಯವರ ಒಪ್ಪಿಗೆ ಪಡೆದು, ತಾಯಿಯನ್ನೂ ಹುಡುಗಿಯನ್ನೂ ಬೇರೆ ಬೇರೆ ಮಾತನಾಡಿಸಿ. ಶಾಲೆಗೆ ಹೋಗುವುದು ಮೊದಲಿನಂತೆಯೇ ಇದೆಯೇ, ಮನೆಯ ಯಾವ ಕೆಲಸ ಹೊಸದಾಗಿ ಅವಳ ಪಾಲಿಗೆ ಬಂತು, ಯಾವ ಆಟ ನಿಂತಿತು, ಮನೆಯ ಯಾವುದಾದರೂ ತೀರ್ಮಾನದಲ್ಲಿ ಅವಳನ್ನು ಕೇಳಿದರೇ ಎಂದು ಬರೆದುಕೊಳ್ಳಿ. ಕೊನೆಯ ಪ್ರಶ್ನೆಗೆ ತಾಯಿಯ ಉತ್ತರ ಒಂದು, ಮಗಳ ಉತ್ತರ ಇನ್ನೊಂದು ಆದರೆ ಎರಡನ್ನೂ ಹಾಗೆಯೇ ಅಕ್ಕಪಕ್ಕ ಇಡಿ.