ಪತ್ರಿಕಾ ಲೇಖನ ಬರೆಯುವುದು: ಹಿಂದಿನ ಸೀಟಿನ ಹೆಲ್ಮೆಟ್ (ಹತ್ತನೇ ತರಗತಿ ಟಿಪ್ಪಣಿ)

ಪ್ರಶ್ನೆ ಹೀಗಿರುತ್ತದೆ: "ದ್ವಿಚಕ್ರ ವಾಹನ ಸವಾರರ ರಸ್ತೆ ಸುರಕ್ಷತೆ ಕುರಿತು ಪತ್ರಿಕೆಗೆ ಲೇಖನ ಬರೆಯಿರಿ. ತಲೆಬರಹ ಮತ್ತು ಲೇಖಕರ ಹೆಸರು ಇರಲಿ." ಕಳೆದ ಸಲ ಐದು ಅಂಕದ ಈ ಪ್ರಶ್ನೆಗೆ ನನಗೆ ಬಂದಿದ್ದು ಎರಡು. ಹೆಲ್ಮೆಟ್, ಸಿಗ್ನಲ್, ಮೊಬೈಲ್, ವೇಗ, ಕುಡಿತ, ಗುಂಡಿ ಎಲ್ಲ ತುಂಬಿಸಿದ್ದೆ. ಒಂದೊಂದಕ್ಕೂ ಒಂದೊಂದೇ ಸಾಲು. ಅದು ಲೇಖನ ಆಗಲಿಲ್ಲ, ಆರ್‌ಟಿಒ ಗೋಡೆಯ ಮೇಲಿನ ಬೋರ್ಡ್ ಆಯಿತು.

ಈ ಸಲ ಒಂದೇ ವಿಷಯ ಹಿಡಿದೆ: ಹಿಂದೆ ಕೂತವರ ಹೆಲ್ಮೆಟ್. ಅದು ಸಿಕ್ಕಿದ್ದು ಮನೆಯಲ್ಲೇ. ಅಪ್ಪನ ಗಾಡಿ ಹತ್ತುವಾಗ ಅಮ್ಮನಿಗೆ ಹೆಲ್ಮೆಟ್ ಕೊಟ್ಟರೆ "ನಾ ಎಲ್ಲಿ ಗಾಡಿ ಹೊಡೀತೀನಿ? ಹಿಂದ್ ಕೂಡಾಕಿ ನಾ" ಅಂದಳು. ಪುಣೆಯಲ್ಲಿ ಅರ್ಧ ಊರಿನ ವಾದ ಇದೇ, ಅಲ್ವಾ?

ಮೊದಲು ಮಾದರಿ ಓದಿ.

ಹಿಂದಿನ ಸೀಟಿಗೂ ಬೇಕು ಹೆಲ್ಮೆಟ್

– ಅ.ಬ.ಕ.

ಸಂಜೆ ಆರು ಗಂಟೆ. ಕರ್ವೆ ರಸ್ತೆಯ ನಳ ಸ್ಟಾಪ್ ಸಿಗ್ನಲ್. ಸ್ಕೂಟರ್ ಓಡಿಸುವವರ ತಲೆಯ ಮೇಲೆ ಹೆಲ್ಮೆಟ್ ಇದೆ. ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತ ಹೆಂಗಸು ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡಿದ್ದಾರೆ, ತೊಡೆಯ ಮೇಲೆ ತರಕಾರಿ ಚೀಲ. ಹೊಗೆಗೆ, ಧೂಳಿಗೆ ಸ್ಕಾರ್ಫ್ ಸಾಕು. ತಲೆಗೆ?

ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ, 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಗಾಡಿ ಓಡಿಸುತ್ತಿರಲಿಲ್ಲ, ಹಿಂದೆ ಕೂತಿದ್ದರು. ಅಂದರೆ ಹೆಚ್ಚುಕಡಿಮೆ ಹತ್ತರಲ್ಲಿ ಮೂವರು.

ಬ್ರೇಕ್ ಬೀಳುವುದು ಓಡಿಸುವವರಿಗೆ ಮೊದಲೇ ಗೊತ್ತಿರುತ್ತದೆ, ಕೈಯಲ್ಲಿ ಹ್ಯಾಂಡಲ್ ಇರುತ್ತದೆ. ಹಿಂದಿನವರಿಗೆ ಎರಡೂ ಇಲ್ಲ. ಕೈಯಲ್ಲಿ ಚೀಲವೋ ಮಗುವೋ ಇದ್ದರೆ ಹಿಡಿದುಕೊಳ್ಳಲೂ ಆಗುವುದಿಲ್ಲ. ಬಿದ್ದಾಗ ಡಾಂಬರು ಮಾತ್ರ ಇಬ್ಬರಿಗೂ ಒಂದೇ.

ಕಾನೂನಿಗೂ ಈ ವ್ಯತ್ಯಾಸ ಇಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ನಾಲ್ಕು ವರ್ಷ ದಾಟಿದ, ಗಾಡಿ ಮೇಲಿರುವ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದೆ. ಪೇಟ ಧರಿಸಿದ ಸಿಖ್ಖರಿಗೆ ಮಾತ್ರ ವಿನಾಯಿತಿ. 2019ರ ತಿದ್ದುಪಡಿಯ ನಂತರ ಇದಕ್ಕೆ 1,000 ರೂಪಾಯಿ ದಂಡ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ.

ತಲೆ ಮೇಲೆ ಇಟ್ಟರೆ ಸಾಲದು, ಪಟ್ಟಿಯ ಬಕಲ್ ಹಾಕಿರಬೇಕು. ಗದ್ದದ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಜಾಗ ಉಳಿದರೆ ಪಟ್ಟಿ ಸಡಿಲ. ಮನೆಯಲ್ಲಿ ಗಾಡಿ ಒಂದಿದ್ದರೆ, ಬಾಗಿಲ ಹಿಂದಿನ ಮೊಳೆಗೆ ತೂಗುವ ಹೆಲ್ಮೆಟ್ ಎರಡಿರಬೇಕು.

ಮಾದರಿ ಇಲ್ಲಿಗೆ ಮುಗಿಯಿತು. ಈಗ ಯಾಕೆ ಹೀಗೆ ಬರೆದೆ ಅಂತ ನೋಡೋಣ.

ತಲೆಬರಹಕ್ಕೆ ನಾನು ಜಾಸ್ತಿ ಹೊತ್ತು ತೆಗೆದುಕೊಂಡೆ. "ದ್ವಿಚಕ್ರ ವಾಹನ ಸವಾರರ ರಸ್ತೆ ಸುರಕ್ಷತೆ" ಅನ್ನುವುದು ವಿಷಯದ ಹೆಸರು, ತಲೆಬರಹ ಅಲ್ಲ. ಅದರಲ್ಲಿ ಯಾರೂ ಏನೂ ಹೇಳುತ್ತಿಲ್ಲ. ತಲೆಬರಹ ಏನಾದರೂ ಹೇಳಬೇಕು. "ಹಿಂದಿನ ಸೀಟಿಗೂ ಹೆಲ್ಮೆಟ್ ಬೇಕು" ಅಂದರೆ ಮಾತಿನ ವಾಕ್ಯ. "ಬೇಕು" ಮುಂದೆ ಬಂದ ತಕ್ಷಣ ಪೇಪರಿನ ಧಾಟಿ ಬರುತ್ತದೆ. ಕನ್ನಡ ಪತ್ರಿಕೆಗಳು ಈ ತಿರುವುಮುರುವು ತುಂಬ ಬಳಸುತ್ತವೆ. ಆ "ಊ" ಕೂಡ ನೋಡಿ: "ಸೀಟಿಗೂ". ಇಡೀ ವಾದ ಆ ಒಂದು ಅಕ್ಷರದಲ್ಲಿದೆ. ತಲೆಬರಹದ ಕೊನೆಗೆ ಪೂರ್ಣವಿರಾಮ ಹಾಕಬೇಡಿ.

ಲೇಖಕರ ಹೆಸರು ತಲೆಬರಹದ ಕೆಳಗೆ ಬರುತ್ತದೆ, ಪತ್ರದ ಹಾಗೆ ಕೊನೆಯಲ್ಲಲ್ಲ. ಪ್ರಶ್ನೆಯಲ್ಲಿ ಹೆಸರು ಕೊಟ್ಟಿದ್ದರೆ ಅದನ್ನೇ ಬರೆಯಿರಿ. ಕೊಡದಿದ್ದರೆ ಅ.ಬ.ಕ. ಸಾಕು. "ಮಾನ್ಯರೇ" ಬೇಡ, "ಇಂತಿ ನಿಮ್ಮ" ಬೇಡ. ನನ್ನ ಗೆಳೆಯ ಒಬ್ಬ ಎರಡನ್ನೂ ಹಾಕಿ ಸಂಪಾದಕರಿಗೆ ಪತ್ರ ಮಾಡಿಬಿಟ್ಟ.

ವರದಿಗೂ ಲೇಖನಕ್ಕೂ ಗೊಂದಲ ಆಗುವುದು ಇಲ್ಲೇ. ವರದಿ ಅಂದರೆ ನಡೆದ ಒಂದು ಘಟನೆ. ಅದು "ಪುಣೆ, ಜು. 12:" ಅಂತ ಊರು, ದಿನಾಂಕದಿಂದ ಶುರು ಆಗುತ್ತದೆ, ಬರೆದವರ ಅಭಿಪ್ರಾಯ ಅದರಲ್ಲಿ ಇರಬಾರದು. ಲೇಖನದಲ್ಲಿ ಅಭಿಪ್ರಾಯ ಇರಲೇಬೇಕು. ಅದಕ್ಕೇ ಮೇಲೆ ಊರು, ದಿನಾಂಕ ಹಾಕಿಲ್ಲ, ಸಿಗ್ನಲ್ಲಿನ ಒಂದು ನೋಟದಿಂದ ಶುರು ಮಾಡಿದೆ. "ಇಂದಿನ ಯುಗದಲ್ಲಿ ವಾಹನಗಳು" ಅಂತ ಶುರು ಮಾಡಿದ್ದರೆ ಪರೀಕ್ಷಕರು ಅದನ್ನು ಆ ದಿನ ನಲವತ್ತನೇ ಸಲ ಓದುತ್ತಿರುತ್ತಾರೆ.

ಅಂಕಿ ಬರೆಯುವಾಗ ಒಂದು ಗುಂಡಿ ಇದೆ, ನಾನೂ ಬಿದ್ದಿದ್ದೆ. "ಹೆಲ್ಮೆಟ್ ಹಾಕಿದ್ದರೆ 50,029 ಜನ ಬದುಕುತ್ತಿದ್ದರು" ಅಂತ ಮೊದಲು ಬರೆದು ಹೊಡೆದುಹಾಕಿದೆ. ವರದಿ ಎಣಿಸಿದ್ದು ಹೆಲ್ಮೆಟ್ ಇಲ್ಲದೆ ಸತ್ತವರನ್ನು. ಅವರಲ್ಲಿ ಲಾರಿ ಮೈಮೇಲೆ ಹರಿದವರೂ ಇರಬಹುದು, ಅಲ್ಲಿ ಯಾವ ಹೆಲ್ಮೆಟ್ಟೂ ನಡೆಯುವುದಿಲ್ಲ. "ಹೆಲ್ಮೆಟ್ ಇಲ್ಲದೆ ಸತ್ತವರು" ಅನ್ನುವುದು ಸರಿ, "ಹೆಲ್ಮೆಟ್ ಇಲ್ಲದ್ದಕ್ಕೇ ಸತ್ತವರು" ಅನ್ನುವುದು ತಪ್ಪು. ಎಲ್ಲ ಅಂಕಿ ಬಾಯಿಪಾಠ ಮಾಡುವುದೂ ಬೇಡ. ಎರಡು ಸಾಕು, 50,029 ಮತ್ತು 14,337. ಭಾಗಿಸಿ ನೋಡಿದರೆ ಶೇ. 28.7 ಬರುತ್ತದೆ. ಓದುವವರ ತಲೆಯಲ್ಲಿ ಉಳಿಯುವುದು ಮಾತ್ರ "ಹತ್ತರಲ್ಲಿ ಮೂವರು".

ಪೊಲೀಸ್ ಅಧಿಕಾರಿಯ ಹೆಸರಿನಲ್ಲಿ ಮಾತು ಕಟ್ಟಬೇಡಿ. ನಮ್ಮ ತರಗತಿಯಲ್ಲಿ ಅರ್ಧ ಜನ ಕಟ್ಟುತ್ತಾರೆ. ಕಾಯ್ದೆಯ ಕಲಂ ನೆನಪಿದ್ದರೆ ಅದೇ ಸಾಕಷ್ಟು ಗಟ್ಟಿ.

ಲೇಖನ ಸ್ವಲ್ಪ ಉದ್ದ ಇರಲಿ ಅಂತ ಕೇಳಿದರೆ ಸೇರಿಸಬೇಕಾದ್ದು ಹೆಲ್ಮೆಟ್ ಒಳಗಿನ ವಿಷಯ, ಹೊಸ ನಿಯಮಗಳ ಪಟ್ಟಿ ಅಲ್ಲ. ಹೊರಗಿನ ಚಿಪ್ಪಿನ ಒಳಗೆ ಥರ್ಮಾಕೋಲಿನಂಥ ದಪ್ಪ ಪದರ ಇರುತ್ತದೆ. ಪೆಟ್ಟು ಬಿದ್ದಾಗ ಅದು ಒಳಕ್ಕೆ ಕುಗ್ಗುತ್ತದೆ, ತಲೆ ನಿಲ್ಲುವುದಕ್ಕೆ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ, ಮಿದುಳಿಗೆ ತಗಲುವ ಬಲ ಕಡಿಮೆ ಆಗುತ್ತದೆ. ವಿಜ್ಞಾನದ ಪಾಠದ ಬಲ, ಸಂವೇಗ ಇಲ್ಲಿ ಸುಮ್ನೆ ಕೆಲಸಕ್ಕೆ ಬಂತು. ಒಮ್ಮೆ ಕುಗ್ಗಿದ ಪದರ ಮತ್ತೆ ಉಬ್ಬುವುದಿಲ್ಲ. ಅದಕ್ಕೇ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಬೇಕು. ಹೊಸದು ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ IS 4151 ಅನ್ನುವ ಸಂಖ್ಯೆ ಇದೆಯಾ ನೋಡಬೇಕು.

ಪುಣೆಯ ಲೇಖನಕ್ಕೆ ಸ್ಕಾರ್ಫ್ ಕೂಡ ಒಂದು ಒಳ್ಳೆಯ ಸಾಲು ಕೊಡುತ್ತದೆ. ದಪ್ಪ ಗಂಟು ಕಟ್ಟಿ ಅದರ ಮೇಲೆ ಹೆಲ್ಮೆಟ್ ಹಾಕಿದರೆ ಅದು ತಲೆಗೆ ಪೂರ್ತಿ ಇಳಿಯುವುದಿಲ್ಲ. ಬಕಲ್ ಹಾಕಿ ತಲೆ ಅಲ್ಲಾಡಿಸಿದರೆ ಗೊತ್ತಾಗುತ್ತದೆ: ಹೆಲ್ಮೆಟ್ ತಲೆಯ ಜೊತೆ ತಿರುಗಬೇಕು, ತಾನೊಂದೇ ತಿರುಗಬಾರದು. ಅಮ್ಮನ ಮೇಲೆ ಪ್ರಯೋಗ ಮಾಡಿದೆ. ತಾನೊಂದೇ ತಿರುಗಿತು. ಗಂಟು ಬಿಚ್ಚಿ, ಸ್ಕಾರ್ಫನ್ನು ಕೆಳಗೆ ಮೂಗಿನ ಮಟ್ಟಕ್ಕೆ ಕಟ್ಟಿ ಮತ್ತೆ ಹಾಕಿಸಿದಾಗ ಸರಿಯಾಗಿ ಕೂತಿತು.